ಗೋಧಿ ಹಿಟ್ಟಿನ ಕೇಕ್, ಕುಕಿ: ಹಾಗೇ ಹಾಕಿದ್ದು, ನೆನೆಸಿದ್ದು, ಜರಡಿ ಹಿಡಿದದ್ದು

ಮೊಟ್ಟೆಯಿಲ್ಲದ ಒಂದೇ ಕೇಕನ್ನು ಮೈದಾ ಬದಲು ಪೂರ್ತಿ ಗೋಧಿ ಹಿಟ್ಟಿನಲ್ಲಿ ಮೂರು ಬಗೆಯಾಗಿ ಮಾಡಿ ನೋಡಿದೆ. ಅಳತೆ ಹೀಗಿತ್ತು: ಹಿಟ್ಟು 200 ಗ್ರಾಂ, ಮೊಸರು 200 ಗ್ರಾಂ, ಸಕ್ಕರೆ 150 ಗ್ರಾಂ, ಎಣ್ಣೆ 100 ಮಿ.ಲೀ., ಹಾಲು 60 ಮಿ.ಲೀ., ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ. ಓವನ್ 180 ಡಿಗ್ರಿ. ಹಿಟ್ಟನ್ನು ಕಪ್ಪಿನಲ್ಲಿ ಅಳೆಯದೆ ತೂಕ ಮಾಡಿದರಷ್ಟೇ ಇಂಥ ಹೋಲಿಕೆಗೆ ಅರ್ಥ.

ಮೊದಲನೆಯದು, ಅಳತೆ ಬದಲಿಸದೆ ಹಾಗೇ ಹಾಕಿದ್ದು. ಮಿಶ್ರಣ ಚಮಚದಿಂದ ಧಾರೆಯಾಗಿ ಇಳಿಯದೆ ಮುದ್ದೆಯಾಗಿ ಬಿತ್ತು. ಬೆಂದ ಮೇಲೆ ನೆತ್ತಿ ಬಿರಿದಿತ್ತು, ಚಾಕು ಇಟ್ಟರೆ ಉದುರುತ್ತಿತ್ತು, ನಾಲಿಗೆಗೆ ಮರಳು ಮರಳು. ತೌಡು ನೀರನ್ನು ಹೀರುವುದು ನಿಧಾನ, ಆದರೆ ಬಹಳ. ಕಲಸುವಾಗ ಮುಗಿಯದ ಆ ಕೆಲಸ ಓವನ್ನಿನಲ್ಲೂ ಆಮೇಲೂ ನಡೆಯುತ್ತದೆ. ಹಾಗಾಗಿ ಮರುದಿನಕ್ಕೆ ಕೇಕ್ ಇನ್ನೂ ಒಣಗುತ್ತದೆ. ತೌಡಿನ ಚೂರುಗಳು ಗಾಳಿಗುಳ್ಳೆಗಳ ಗೋಡೆಯನ್ನು ಚುಚ್ಚುವುದರಿಂದ ಉಬ್ಬುವುದೂ ಕಡಿಮೆ.

ಎರಡನೆಯದಕ್ಕೆ 40 ಮಿ.ಲೀ. ಹಾಲು ಹೆಚ್ಚಿಸಿ, ಹಿಟ್ಟನ್ನು ಮೊಸರು, ಹಾಲಿನಲ್ಲಿ ಅರ್ಧ ಗಂಟೆ ನೆನೆಸಿದೆ. ಸಕ್ಕರೆಯೂ ನೀರಿಗೆ ಪೈಪೋಟಿ ಮಾಡುವುದರಿಂದ ಅದನ್ನು ಆಮೇಲೆ ಸೇರಿಸಬೇಕು. ಸೋಡಾ ಕೊನೆಗೆ, ಮೊಸರಿನ ಜೊತೆ ಮೊದಲೇ ಬಿದ್ದರೆ ಕಾಯುವಷ್ಟರಲ್ಲಿ ಅದರ ಗ್ಯಾಸ್ ಹೋಗಿಬಿಡುತ್ತದೆ. ಮರಳುತನ ಹೋಯಿತು, ತೇವ ಉಳಿಯಿತು. ಆದರೆ ಕೇಕ್ ಸ್ವಲ್ಪ ರಬ್ಬರಿನಂತೆ ಜಗಿಯುವಂತಿತ್ತು. ಎಣ್ಣೆಯಿಲ್ಲದೆ ನೀರಿನಲ್ಲಿ ನೆನೆದ ಹಿಟ್ಟಿನಲ್ಲಿ ಗ್ಲೂಟನ್ ತಾನಾಗಿಯೇ ಬೆಳೆಯುತ್ತದೆ, ಆಮೇಲಿನ ಕಲಸಾಟ ಅದನ್ನು ಇನ್ನಷ್ಟು ಬಿಗಿಮಾಡುತ್ತದೆ.

ನನಗೆ ಒಪ್ಪಿಗೆಯಾದದ್ದು ಮೂರನೆಯದು. ಹಿಟ್ಟನ್ನು ಸಣ್ಣ ಜರಡಿಯಲ್ಲಿ ಹಿಡಿದು, ಮೇಲುಳಿದ ತೌಡನ್ನಷ್ಟೇ 100 ಮಿ.ಲೀ. ಬಿಸಿ ಹಾಲಿನಲ್ಲಿ ಅದು ಪೂರ್ತಿ ಆರುವವರೆಗೆ ನೆನೆಸಿದೆ. ಜರಡಿಯಿಂದ ಇಳಿದ ಹಿಟ್ಟಿಗೆ ಮೊದಲು ಎಣ್ಣೆ ಸವರಿ, ಆಮೇಲೆ ಸಕ್ಕರೆ, ಮೊಸರು, ಈ ತೌಡು, ಕೊನೆಗೆ ಸೋಡಾ, ಬೇಕಿಂಗ್ ಪೌಡರ್. ಎಣ್ಣೆ ಸವರಿದ ಹಿಟ್ಟಿನಲ್ಲಿ ಗ್ಲೂಟನ್ ಅಷ್ಟು ಬೆಳೆಯದು, ತೌಡಿನ ಬಾಯಾರಿಕೆ ಆಗಲೇ ತೀರಿರುತ್ತದೆ. ಮೈದಾ ಕೇಕಿನಷ್ಟು ಎತ್ತರ ಬರಲಿಲ್ಲ, ಆದರೆ ಒಳಮೈ ಮೃದುವಾಗಿತ್ತು, ತೆಳ್ಳಗೆ ಕತ್ತರಿಸಿದರೂ ಉದುರಲಿಲ್ಲ. ತೀರಾ ನುಣ್ಣಗೆ ಬೀಸಿದ ಹಿಟ್ಟಾದರೆ ಜರಡಿಯಲ್ಲಿ ಏನೂ ಉಳಿಯುವುದಿಲ್ಲ. ಆಗ ಎರಡನೆಯ ದಾರಿಯೇ ಗತಿ. 30 ಗ್ರಾಂ ಹಿಟ್ಟಿನ ಬದಲು ಕಾರ್ನ್‌ಫ್ಲೋರ್ ಹಾಕಿ, ಆದಷ್ಟು ಕಡಿಮೆ ಕಲಸಬೇಕು.

ಕುಕಿಗೆ ಈ ಲೆಕ್ಕ ತಲೆಕೆಳಗು. ಹಾಲು ಹೆಚ್ಚಿಸಿದರೆ ಗರಿಗರಿ ಹೋಗಿ ಪುಟ್ಟ ಬನ್ನಿನಂತಾಗುತ್ತದೆ. ಹಿಟ್ಟನ್ನು ಹಾಗೇ ಬದಲಿಸಿದರೆ ತೌಡು ಇದ್ದಬದ್ದ ನೀರನ್ನೆಲ್ಲ ಎಳೆದುಕೊಂಡು, ಉಂಡೆ ಹರಡದೆ ಉಂಡೆಯಾಗಿಯೇ ಬೇಯುತ್ತದೆ. ಅದಕ್ಕೆ ನೀರು ಮುಟ್ಟದೆ ಹಿಟ್ಟನ್ನೇ ಹತ್ತನೇ ಒಂದು ಪಾಲು ಇಳಿಸಿದೆ: 150 ಗ್ರಾಂ ಮೈದಾ ಇದ್ದಲ್ಲಿ 135 ಗ್ರಾಂ ಗೋಧಿ ಹಿಟ್ಟು. ಕಲಸಿದ್ದನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆ, ಸಕ್ಕರೆಯ ನಡುವಿನ ಅಷ್ಟಿಷ್ಟು ತೇವ ತೌಡಿಗೂ ತಲುಪುತ್ತದೆ. ಬೇಯಿಸುವ ಮುಂಚೆ ಉಂಡೆಯನ್ನು ಅಂಗೈಯಿಂದ ಒತ್ತಿ ಚಪ್ಪಟೆ ಮಾಡಬೇಕು, ತಾನಾಗಿ ಅಷ್ಟು ಹರಡುವುದಿಲ್ಲ. ಹಿಟ್ಟೇ ಕಂದು ಬಣ್ಣದ್ದಾದ್ದರಿಂದ ಬಣ್ಣ ನೋಡಿ ಬೆಂದಿತೆಂದು ಹೇಳಲಾಗದು. ಅಂಚು ಗಟ್ಟಿಯಾಗಿ ನಡು ಇನ್ನೂ ಮೆತ್ತಗಿರುವಾಗಲೇ ಹೊರತೆಗೆದರೆ ಆರುತ್ತ ಗಟ್ಟಿಯಾಗುತ್ತದೆ.