ಮೆಂಟೆನೆನ್ಸ್ ಬಿಲ್‌ನಲ್ಲಿ ಜಿಎಸ್‌ಟಿ ಹಾಕಿದ್ದಾರಾ? ಕಟ್ಟುವ ಮೊದಲು ನಂಬರ್ ಕೇಳಿ

ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ದಯವಿಟ್ಟು ಈ ತಿಂಗಳ ಬಿಲ್ ತೆಗೆದು ನೋಡಿ. ಕೊನೆಯಲ್ಲಿ ಜಿಎಸ್‌ಟಿ 18% ಅಂತ ಇದೆಯಾ? ಇದ್ದರೆ, ಅದೇ ಬಿಲ್ ಮೇಲೆ ಅಸೋಸಿಯೇಷನ್‌ನ ಜಿಎಸ್‌ಟಿ ನಂಬರ್ ಇದೆಯಾ? ಇಲ್ಲ ಅಂದರೆ ಮೊದಲು ಕೇಳಿ, ಆಮೇಲೆ ಕಟ್ಟಿ. ನಮ್ಮಲ್ಲಿ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ವಸೂಲಿ ಮಾಡಿದರು. ಲೆಕ್ಕ ಕೇಳಿದ್ದಕ್ಕೆ ನನ್ನನ್ನೇ ಲಿಫ್ಟ್‌ನಲ್ಲಿ ನೋಟಿಸ್ ಅಂಟಿಸಿ ಬಾಕಿದಾರಳು ಮಾಡಿದರು.

ನಮ್ಮದು ಬೆಂಗಳೂರಿನಲ್ಲಿ 62 ಮನೆಗಳ ಕಟ್ಟಡ. ನನ್ನ ಫ್ಲ್ಯಾಟ್ 1,240 ಚದರ ಅಡಿ. ಚದರ ಅಡಿಗೆ 4.50 ರೂಪಾಯಿಯಂತೆ 5,580. ಅದರ ಮೇಲೆ ಟ್ಯಾಂಕರ್ ನೀರಿಗೆ ಮನೆಗೆ 900. ಒಟ್ಟು 6,480. ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಒಬ್ಬರೇ ಇರುವ ಮನೆಗೂ ಆರು ಜನ ಇರುವ ಮನೆಗೂ ಒಂದೇ 900 ಯಾಕೆ ಅನ್ನುವುದು ಬೇರೆ ಜಗಳ, ಅದು ಇರಲಿ. ಏಪ್ರಿಲ್‌ನಿಂದ ಇದಕ್ಕೆ 18% ಜಿಎಸ್‌ಟಿ ಸೇರಿಸಿದರು, 1,166 ರೂಪಾಯಿ. ಬಿಲ್ 7,646 ಆಯಿತು. 'ಸರ್ಕಾರದ ರೂಲ್ಸ್' ಅಂದರು. ಸರ್ಕಾರದ್ದು ಅಂದಮೇಲೆ ಯಾರು ಕೇಳುತ್ತಾರೆ? ಎಲ್ಲರೂ ಕಟ್ಟಿದೆವು.

ಆದರೆ ರೂಲ್ಸ್ ಹಾಗಿಲ್ಲ. ಒಂದು ಫ್ಲ್ಯಾಟ್‌ಗೆ ತಿಂಗಳಿಗೆ 7,500 ರೂಪಾಯಿವರೆಗಿನ ಮೆಂಟೆನೆನ್ಸ್‌ಗೆ ಜಿಎಸ್‌ಟಿ ಇಲ್ಲ. 7,500 ದಾಟಿದರೆ ಪೂರ್ತಿ ಮೊತ್ತಕ್ಕೂ ತೆರಿಗೆ ಅಂತ 2019ರ ಜುಲೈನಲ್ಲಿ ಕೇಂದ್ರದ ಸುತ್ತೋಲೆ ಬಂತು. ಪೂರ್ತಿಗೆ ಅಲ್ಲ, ದಾಟಿದ ಭಾಗಕ್ಕೆ ಮಾತ್ರ ಅಂತ 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ದೊಡ್ಡ ಫ್ಲ್ಯಾಟ್‌ನವರಿಗೆ ಆ ತಲೆನೋವು. ನನ್ನದು 6,480. ಎರಡರಲ್ಲಿ ಯಾವುದನ್ನು ಹಿಡಿದರೂ ನನಗೆ ತೆರಿಗೆ ಬರುವುದೇ ಇಲ್ಲ.

ಇದನ್ನೇ ಖಜಾಂಚಿಯವರಿಗೆ ಹೇಳಿದೆ. ಅವರ ಉತ್ತರವನ್ನು ಹಾಗೇ ಬರೆಯುತ್ತೇನೆ, ಓದಿ.

"ಮೇಡಂ, ನಿಮ್ಮ ಬಿಲ್ ಎಷ್ಟು? 7,646. 7,500 ದಾಟಿದೆ ಅಲ್ವಾ? ಅದಕ್ಕೇ ಜಿಎಸ್‌ಟಿ."

ಅರ್ಥ ಆಯಿತಾ? ಜಿಎಸ್‌ಟಿ ಸೇರಿಸಿದ್ದಕ್ಕೆ 7,500 ದಾಟಿದೆ, 7,500 ದಾಟಿದ್ದಕ್ಕೆ ಜಿಎಸ್‌ಟಿ! ನಾನು ಒಂದು ಕ್ಷಣ ಬಾಯಿ ಮುಚ್ಚಿಕೊಂಡು ನಿಂತೆ. ಅವರು ಅದನ್ನು ಅಷ್ಟು ಧೈರ್ಯವಾಗಿ ಹೇಳಿದರು. ಪಕ್ಕದಲ್ಲಿ ಕೂತಿದ್ದ ಕಾರ್ಯದರ್ಶಿ ತಲೆ ಆಡಿಸಿದರು. ಆಮೇಲೆ, "ಇದೆಲ್ಲ ಸ್ವಲ್ಪ ಟೆಕ್ನಿಕಲ್ ಮೇಡಂ. ಯಜಮಾನರನ್ನು ಕಳಿಸಿ, ಅವರಿಗೆ ಹೇಳ್ತೀವಿ" ಅಂದರು. ಕ್ರಯಪತ್ರ ಇರುವುದು ನನ್ನ ಹೆಸರಲ್ಲಿ. ಬಿಲ್ ಬರುವುದೂ ನನ್ನ ಹೆಸರಿಗೆ. ದುಡ್ಡು ಕಟ್ಟುವಾಗ ನಾನು ಸಾಕು, ಲೆಕ್ಕ ಕೇಳುವಾಗ ಯಜಮಾನರು ಬೇಕು!

ಅವತ್ತೇ ಕಾಗದ ಬರೆದೆ. ಸುಮ್ನೆ 'ಲೆಕ್ಕ ಕೊಡಿ' ಅಂತ ಬರೆಯಲಿಲ್ಲ. 'ನನ್ನ ಬಿಲ್‌ನಲ್ಲಿ 6,480 ಒಪ್ಪುತ್ತೇನೆ, 1,166 ಒಪ್ಪುವುದಿಲ್ಲ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ನನ್ನಿಂದ ಜಿಎಸ್‌ಟಿ ಅಂತ ತೆಗೆದುಕೊಂಡ 10,494 ರೂಪಾಯಿ ವಾಪಸ್ ಕೊಡಿ ಅಥವಾ ಮುಂದಿನ ಬಿಲ್‌ಗೆ ಜಮಾ ಮಾಡಿ. ಅಸೋಸಿಯೇಷನ್‌ನ ಜಿಎಸ್‌ಟಿ ನಂಬರ್, ತೆರಿಗೆ ಕಟ್ಟಿದ ಚಲನ್, ಈ ಅವಧಿಯ ಆದಾಯ-ಖರ್ಚಿನ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಟ್ಯಾಂಕರ್ ಬಿಲ್‌ಗಳನ್ನು ತೋರಿಸಿ' ಅಂತ ಬರೆದೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲ್ ಹಾಕಿಸಿಕೊಂಡೆ. ಮ್ಯಾನೇಜರ್ ಸೀಲ್ ಹಾಕಲು ಒಪ್ಪಲೇ ಇಲ್ಲ. "ಮೇಲ್ ಮಾಡಿ ಮೇಡಂ, ಸಾಕು" ಅಂದ. ಮೇಲ್ ಕೂಡ ಮಾಡಿದೆ, ಸೀಲ್ ಹಾಕುವವರೆಗೆ ಕುರ್ಚಿಯಿಂದ ಏಳಲೂ ಇಲ್ಲ.

ಉತ್ತರಗಳು ಒಂದೊಂದಾಗಿ ಬಂದವು. ಮೊದಲು, "ಬೇರೆ ಯಾರೂ ಕೇಳಿಲ್ಲ, ನಿಮಗೊಬ್ಬರಿಗೇ ಯಾಕೆ ಸಮಸ್ಯೆ?" ಆಮೇಲೆ, "ಎಜಿಎಂನಲ್ಲಿ ಕೇಳಿ." ಆಮೇಲೆ, "ಆಡಿಟರ್ ಊರಲ್ಲಿಲ್ಲ." ಕೊನೆಗೆ, "ಮೊದಲು ಬಾಕಿ ಕಟ್ಟಿ, ಆಮೇಲೆ ಲೆಕ್ಕ." ಯಾವ ಬಾಕಿ ಸ್ವಾಮಿ? ಜನವರಿಯಲ್ಲಿ 6,480 ಕಟ್ಟಿದ್ದೆ, 1,166 ಬಿಟ್ಟಿದ್ದೆ. ಅದಕ್ಕೆ ಲಿಫ್ಟ್‌ನಲ್ಲಿ ನನ್ನ ಫ್ಲ್ಯಾಟ್ ನಂಬರ್ ದಪ್ಪ ಅಕ್ಷರದಲ್ಲಿ! ಕೆಲಸದವರು, ಹಾಲಿನವರು, ಮಗಳ ಸ್ನೇಹಿತರು, ಎಲ್ಲರೂ ಓದಿದರು. ಮೂರನೇ ಮಹಡಿಯ ಆಂಟಿ, "ಏನಾದರೂ ಕಷ್ಟ ಇದ್ರೆ ಹೇಳಮ್ಮ" ಅಂತ ಮೆಲ್ಲಗೆ ಕೇಳಿದರು. ಆ ದಿನದ ಅವಮಾನ ನಾನು ಮರೆಯಲ್ಲ.

ಇಷ್ಟರಲ್ಲಿ ಜಿಎಸ್‌ಟಿ ನಂಬರ್ ಕೊಟ್ಟರು, ಅದೂ ವಾಟ್ಸಾಪ್ ಗ್ರೂಪ್‌ನಲ್ಲಿ, "ಮೇಡಂಗೆ ಈಗ ಸಮಾಧಾನ ಆಯ್ತಾ?" ಅಂತ ಸೇರಿಸಿ. ಹದಿನೈದು ಅಕ್ಷರಗಳ ನಂಬರ್, ಶುರುವಿನಲ್ಲಿ ಕರ್ನಾಟಕದ 29. ನೋಡಲು ಸರಿಯಾಗಿಯೇ ಇತ್ತು. gst.gov.in ತೆರೆದು 'Search Taxpayer' ಒತ್ತಿ ಆ ನಂಬರ್ ಹಾಕಿದೆ. ಇದಕ್ಕೆ ಲಾಗಿನ್ ಬೇಡ, ಯಾರು ಬೇಕಾದರೂ ನೋಡಬಹುದು. ಹೆಸರು ನಮ್ಮ ಅಸೋಸಿಯೇಷನ್‌ದೇ. ಕೆಳಗೆ ಬರೆದಿತ್ತು: 'Cancelled suo-moto'. ಅಂದರೆ ಇವರು ಕೇಳಿ ರದ್ದು ಮಾಡಿಸಿದ್ದಲ್ಲ, ಇಲಾಖೆಯೇ ರದ್ದು ಮಾಡಿದ್ದು. ತಿಂಗಳುಗಟ್ಟಲೆ ರಿಟರ್ನ್ ಹಾಕದಿದ್ದರೆ ಹೀಗೆ ಮಾಡುತ್ತಾರೆ. ರದ್ದಾದ ದಿನಾಂಕ ಏಪ್ರಿಲ್‌ಗಿಂತ ಹಿಂದಿನದು!

ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡುವಂತಿಲ್ಲ. ಸಿಜಿಎಸ್‌ಟಿ ಕಾಯ್ದೆಯ 32ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ತೆರಿಗೆ ಅಂತ ಹೇಳಿ ಯಾರೇ ವಸೂಲಿ ಮಾಡಿದರೂ ಅದು ಸರ್ಕಾರಕ್ಕೆ ಹೋಗಬೇಕು, 76ನೇ ಸೆಕ್ಷನ್. ಸ್ಕ್ರೀನ್‌ಶಾಟ್ ಗ್ರೂಪ್‌ಗೆ ಹಾಕಿ ಇಷ್ಟು ಬರೆದೆ. ಗ್ರೂಪ್ ತಣ್ಣಗಾಯಿತು. ಖಜಾಂಚಿ, "ಇದನ್ನು ಇಲ್ಲಿ ಹಾಕುವ ಅಗತ್ಯ ಇರಲಿಲ್ಲ" ಅಂದರು. ನನ್ನ ನಂಬರ್ ಲಿಫ್ಟ್‌ನಲ್ಲಿ ಹಾಕುವ ಅಗತ್ಯ ಇತ್ತಂತೆ!

ಮುಂದಿನ ತಿಂಗಳು ಬಿಲ್‌ನಿಂದ ಜಿಎಸ್‌ಟಿ ಮಾಯ. ಕ್ಷಮೆ ಇಲ್ಲ, ವಿವರಣೆ ಇಲ್ಲ. ನನ್ನ 10,494 ಎಲ್ಲಿ ಅಂದರೆ, "ಪೇಂಟಿಂಗ್ ಫಂಡ್‌ಗೆ ಹಾಕಿದ್ದೀವಿ, ಎಲ್ಲರಿಗೂ ಉಪಯೋಗ ಆಗುತ್ತೆ." ಜಿಎಸ್‌ಟಿ ಅಂತ ತೆಗೆದುಕೊಂಡು ಬಣ್ಣ ಹೊಡೆಸುತ್ತಾರಂತೆ. ಲೆಕ್ಕದ ಪಟ್ಟಿ ಅಂತ ಒಂದು ಹಾಳೆ ಬಂತು. ಅದರಲ್ಲಿ ಸೆಕ್ಯುರಿಟಿ, ಲಿಫ್ಟ್, ಬೆಸ್ಕಾಂ, ನೀರು, ಜನರೇಟರ್ ಡೀಸೆಲ್. ಕೊನೆಗೆ 'ಇತರೆ' ಅಂತ ಒಂದು ಸಾಲು, ಅದು ನೀರಿನ ಖರ್ಚಿಗಿಂತ ಜಾಸ್ತಿ. ಪೇಂಟಿಂಗ್ ಫಂಡ್ ಹುಡುಕಿದೆ. ಇಡೀ ಹಾಳೆಯಲ್ಲಿ ಅದರ ಹೆಸರೇ ಇಲ್ಲ.

ನಿಮಗೂ ಹೀಗಾದರೆ, ಒಪ್ಪುವ ಮೊತ್ತವನ್ನು ನಿಲ್ಲಿಸಬೇಡಿ. ಪೂರ್ತಿ ನಿಲ್ಲಿಸಿದರೆ ಮಾತು ಲೆಕ್ಕದಿಂದ ನಿಮ್ಮ ಬಾಕಿಗೆ ತಿರುಗುತ್ತದೆ, ಅವರಿಗೆ ಬೇಕಿರುವುದೂ ಅದೇ. ಬ್ಯಾಂಕ್ ಮೂಲಕವೇ ಕಟ್ಟಿ, ಯಾವ ಸಾಲು ಯಾಕೆ ಬಿಟ್ಟಿರಿ ಅಂತ ಅವತ್ತೇ ಮೇಲ್ ಹಾಕಿ. ಬಾಯಿಮಾತಿನ ಉತ್ತರ ಯಾವುದನ್ನೂ ನಂಬಬೇಡಿ, ಅದರಲ್ಲೂ 'ಆಡಿಟರ್ ಹೇಳಿದ್ದಾರೆ' ಅನ್ನುವುದನ್ನು.

ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘ. ಇಂಥ ಸಂಘಗಳು ಪ್ರತಿ ವರ್ಷ ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಅಲ್ಲಿ ಸಲ್ಲಿಸಿದ ಲೆಕ್ಕದ ದೃಢೀಕೃತ ಪ್ರತಿಗೆ ಅರ್ಜಿ ಹಾಕಿದ್ದೇನೆ. ಮೂರನೇ ಒಂದು ಭಾಗ ಸದಸ್ಯರು ಸಹಿ ಹಾಕಿ ಕೇಳಿದರೆ ನೋಂದಣಾಧಿಕಾರಿ ವಿಚಾರಣೆಯನ್ನೇ ನಡೆಸಬೇಕಾಗುತ್ತದೆ. 62 ಮನೆಗೆ 21 ಸಹಿ ಬೇಕು. ಮೂರನೇ ಮಹಡಿಯ ಆಂಟಿ ಹಾಕಿದ್ದಾರೆ. ಗ್ರೂಪ್‌ನಲ್ಲಿ ಹೆಬ್ಬೆರಳು ತೋರಿಸಿದ ಉಳಿದವರೆಲ್ಲ "ಯೋಚನೆ ಮಾಡಿ ಹೇಳ್ತೀವಿ" ಅನ್ನುತ್ತಿದ್ದಾರೆ.