ಬಾಗಿಲ ಬೆಳಕೋ ರಿಂಗ್ ಲೈಟೋ, ಜೇಬಿನ ಫೋನೋ ವೈರ್‌ಲೆಸ್ ಮೈಕೋ: ಇಳಕಲ್ಲಿನ ಒಂದು ಮಗ್ಗದ ಮುಂದೆ

ಇಳಕಲ್ಲಿನಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಒಬ್ಬ ಹಿರಿಯ ನೇಕಾರರಿದ್ದಾರೆ. ಓಣಿಯವರಿಗೆಲ್ಲ ಕಾಕಾ, ನನಗೂ ಕಾಕಾ. ಸೀರೆಯ ಒಡಲಿನ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಸೇರಿಸುವ ಕೆಲಸವನ್ನು ಅವರ ಮಾತಿನಲ್ಲೇ ಆರು ನಿಮಿಷದ ವಿಡಿಯೊ ಮಾಡಬೇಕೆಂದು ಹೊರಟೆ. ಕೈಯಲ್ಲಿದ್ದದ್ದು ಮೂರು ವರ್ಷ ಹಳೆಯ, ಹನ್ನೆರಡು ಸಾವಿರದ ಫೋನ್. ಅದರ ಜೊತೆಗೆ ಒಂದು ರಿಂಗ್ ಲೈಟನ್ನೂ ಒಂದು ಅಗ್ಗದ ವೈರ್‌ಲೆಸ್ ಮೈಕನ್ನೂ ಕೊಂಡೆ. ಎರಡಕ್ಕೂ ಸೇರಿ ಎರಡು ಸಾವಿರದೊಳಗೇ ಖರ್ಚಾಯಿತು. ಮೊದಲ ವಿಡಿಯೊ ಕೆಟ್ಟಿತು. ಹಾಗಾಗಿ ಅದೇ ಮಾತು, ಅದೇ ಕೆಲಸವನ್ನು ಬೇರೆ ಬೇರೆ ಬಗೆಯಲ್ಲಿ ಮೂರು ಬೆಳಿಗ್ಗೆ ಚಿತ್ರಿಸಿದೆ. ಕಾಕಾ ಬೇಸರಪಡಲಿಲ್ಲ. ಅವರಿಗೆ ಹೇಗಿದ್ದರೂ ದಿನವೂ ಅದೇ ಕೆಲಸ.

ಮೊದಲು ಬೆಳಕಿನ ಮಾತು. ಕುಣಿ ಮಗ್ಗವನ್ನು ಎತ್ತಿ ಬೇರೆಡೆ ಇಡಲಾಗದು. ಅದು ಇದ್ದಲ್ಲೇ ಇರುತ್ತದೆ, ಬೆಳಕೇ ಅದರ ಬಳಿಗೆ ಬರಬೇಕು. ಮೊದಲ ದಿನ ರಿಂಗ್ ಲೈಟನ್ನು ಫೋನಿನ ಸುತ್ತ ನಿಲ್ಲಿಸಿ ಚಿತ್ರಿಸಿದೆ. ಕಾಕಾನ ಮುಖ ಬೆಳ್ಳಗೆ ಕಾಣಿಸಿತು, ಕನ್ನಡಕದ ಎರಡೂ ಗಾಜಿನಲ್ಲಿ ಬಿಳಿ ಬಳೆ ಕುಳಿತಿತು, ಹಿಂದಿನ ಗೋಡೆ ಕತ್ತಲಾಯಿತು. ಅದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಸೆರಗಿನ ಗತಿ. ಬೆಳಕು ಫೋನಿನ ದಿಕ್ಕಿನಿಂದಲೇ ನೇರವಾಗಿ ಬಿದ್ದರೆ ಎಳೆಗಳ ನೆರಳು ಎಳೆಗಳ ಹಿಂದೆಯೇ ಅಡಗುತ್ತದೆ. ನೆರಳಿಲ್ಲದಿದ್ದರೆ ನೇಯ್ಗೆಯ ಏರು ತಗ್ಗು ಕಾಣಿಸದು. ಕಾಕಾ ಫೋನಿನಲ್ಲಿ ನೋಡಿ, “ತಮ್ಮಾ, ಇದು ನೇಯ್ದದ್ದಲ್ಲ, ಅಚ್ಚು ಹೊಡೆದದ್ದು” ಎಂದರು.

ಎರಡನೆಯ ದಿನ ರಿಂಗ್ ಲೈಟನ್ನು ಮನೆಯಲ್ಲೇ ಬಿಟ್ಟು ಹೋದೆ. ಕಾಕಾನ ಬಾಗಿಲು ಪೂರ್ವಕ್ಕಿದೆ. ಒಂಬತ್ತರವರೆಗೆ ಬಿಸಿಲು ನೇರವಾಗಿ ಒಳಗೆ ಬಂದು ಅರ್ಧ ಮುಖ ಸುಟ್ಟಂತೆ, ಅರ್ಧ ಮುಖ ಕಪ್ಪಾಗಿ ಕಾಣಿಸುತ್ತದೆ. ಹತ್ತೂವರೆಗೆ ಬಿಸಿಲು ಹೊಸ್ತಿಲಿನ ಆಚೆಗೆ ಸರಿದು, ಓಣಿಯ ನೆಲಕ್ಕೆ ಬಡಿದ ಮೆತ್ತಗಿನ ಬೆಳಕು ಮಾತ್ರ ಒಳಗೆ ಬರುತ್ತದೆ. ಅದು ಮಗ್ಗಕ್ಕೆ ಎಡಬದಿಯಿಂದ ಬೀಳುತ್ತದೆ. ನಾನು ಬಾಗಿಲಿಗೆ ಬೆನ್ನು ಹಾಕಲಿಲ್ಲ, ಬಾಗಿಲು ನನ್ನ ಮುಂದೆಯೂ ಬರದಂತೆ ನೋಡಿಕೊಂಡೆ. ಅದು ಬದಿಯಲ್ಲೇ ಇರುವಂತೆ ಕುಳಿತೆ. ಬಲಗೆನ್ನೆ ಹೆಚ್ಚು ಕಪ್ಪಾಗಿ ಕಂಡಾಗ ಆ ಬದಿಗೆ, ಚಿತ್ರದಲ್ಲಿ ಬಾರದಂತೆ, ಎರಡು ಅಡಿ ದೂರದಲ್ಲಿ ಒಂದು ಬಿಳಿ ಧೋತರ ಕಟ್ಟಿದೆ. ಅಷ್ಟೇ. ಕೊಂಡಿಯ ಒಂದೊಂದು ಗಂಟೂ ಎದ್ದು ಕಾಣಿಸಿತು.

ಇಲ್ಲಿ ಒಂದು ತಪ್ಪು ಮಾಡಿದ್ದೆ. ಬೆಳಕು ಸಾಲದೇನೋ ಎಂದು ಮಗ್ಗದ ಮೇಲಿನ ಟ್ಯೂಬ್‌ಲೈಟನ್ನೂ ಹಾಕಿಸಿದ್ದೆ. ಚಿತ್ರದಲ್ಲಿ ನಸುಗಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಹರಿಯತೊಡಗಿದವು. ನಮ್ಮ ಕರೆಂಟ್ 50 ಹರ್ಟ್ಸ್‌ನದು. ಅದರಲ್ಲಿ ಹಳೆಯ ಚೋಕಿನ ಟ್ಯೂಬೂ ಅಗ್ಗದ ಎಲ್‌ಇಡಿಯೂ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಅದು ತಿಳಿಯದು, ಕ್ಯಾಮೆರಾಕ್ಕೆ ತಿಳಿಯುತ್ತದೆ. ಶಟರ್ ವೇಗವನ್ನು ನಾವೇ ಹೊಂದಿಸಬಹುದಾದ ಪ್ರೊ ಮೋಡ್ ಇರುವ ಫೋನಿನಲ್ಲಿ ಅದನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟೆ ಹೋಗುತ್ತದೆ. ನನ್ನ ಫೋನಿನಲ್ಲಿ ವಿಡಿಯೊಗೆ ಅದು ಇಲ್ಲ, ಹಾಗಾಗಿ ಟ್ಯೂಬ್ ಆರಿಸಿದೆ. ಇನ್ನೊಂದು ಕಾರಣವೂ ಇತ್ತು. ಟ್ಯೂಬಿನ ಬಣ್ಣ ಬೇರೆ, ಹಗಲಿನ ಬಣ್ಣ ಬೇರೆ. ಎರಡೂ ಬೆರೆತರೆ ಕೆಂಪು ಸೆರಗು ಒಂದು ಕಡೆ ಕೆಂಪು, ಇನ್ನೊಂದು ಕಡೆ ಇಟ್ಟಿಗೆ ಬಣ್ಣವಾಗುತ್ತದೆ.

ರಾತ್ರಿ ಚಿತ್ರಿಸುವವರಿಗೆ ರಿಂಗ್ ಲೈಟ್ ಬೇಡವೆನ್ನಲಾರೆ. ಆದರೆ ಅದನ್ನು ಫೋನಿನಿಂದ ಬಿಡಿಸಿ ಬದಿಗೆ, ಕಣ್ಣಿಗಿಂತ ಸ್ವಲ್ಪ ಮೇಲೆ ಇಟ್ಟರೆ ಮಾತ್ರ ಅದು ಬಾಗಿಲ ಬೆಳಕಿನ ಗುಣಕ್ಕೆ ಹತ್ತಿರ ಬರುತ್ತದೆ.

ಚೌಕಟ್ಟಿನ ವಿಷಯದಲ್ಲಿ ಪೈಪೋಟಿಯೇ ಇರಲಿಲ್ಲ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತವರ ಕಣ್ಣು ನೆಲದಿಂದ ಎರಡು, ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ನಾನು ನಿಂತು ಚಿತ್ರಿಸಿದ್ದರಲ್ಲಿ ಕಾಕಾ ಬೈಸಿಕೊಳ್ಳುತ್ತಿರುವ ಹುಡುಗನಂತೆ ಕಂಡರು. ಫೋನನ್ನು ಜೋಳದ ಚೀಲದ ಮೇಲೆ ಆನಿಸಿ, ಅವರ ಕಣ್ಣಿನ ಮಟ್ಟಕ್ಕೆ ಇಳಿಸಿ, ಐದು ಅಡಿ ದೂರದಿಂದ ಹಿಂದಿನ ಕ್ಯಾಮೆರಾದಲ್ಲಿ ತೆಗೆದದ್ದು ಸರಿಯಾಯಿತು. ಎರಡೇ ಅಡಿ ದೂರದಿಂದ ತೆಗೆದರೆ ಮೂಗು ದೊಡ್ಡದಾಗುತ್ತದೆ. ತೆರೆಯಲ್ಲಿ ಮುಖ ಕಾಣುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು ಬೆಳಕನ್ನೂ ಫೋಕಸನ್ನೂ ಲಾಕ್ ಮಾಡಬೇಕು. ಇಲ್ಲವಾದರೆ ಕಾಕಾ ಕೈ ಎತ್ತಿದಾಗಲೆಲ್ಲ ಚಿತ್ರ ಕಪ್ಪಾಗಿ ಬೆಳ್ಳಗಾಗುತ್ತದೆ. ಲೆನ್ಸನ್ನು ಅಂಗಿಯ ತುದಿಯಿಂದ ಒರೆಸುವುದನ್ನು ನಾನು ಮೂರೂ ದಿನ ಮರೆತಿದ್ದೆ, ಮಧ್ಯದಲ್ಲಿ ನೆನಪಾಯಿತು.

ನಿಜವಾದ ಜಗಳ ಧ್ವನಿಯದು. ಐದು ಅಡಿ ದೂರದ ಫೋನಿನ ಸ್ವಂತ ಮೈಕಿನಲ್ಲಿ ಕಾಕಾನ ಮಾತಿಗಿಂತ ತಗಡಿನ ಮಾಳಿಗೆಯ ಪ್ರತಿಧ್ವನಿ, ಪಕ್ಕದ ಮನೆಯ ಪವರ್‌ಲೂಮು ಹೆಚ್ಚು ಕೇಳಿಸಿದವು. ದೂರ ಇಮ್ಮಡಿಯಾದಂತೆಲ್ಲ ಮಾತು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಪಕ್ಕದ ಮನೆಯ ಸದ್ದು ಮಾತ್ರ ಎಲ್ಲಿ ನಿಂತರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದ್ದರಿಂದ ಮೈಕು ಬಾಯಿಯ ಹತ್ತಿರ ಹೋಗದೆ ಬೇರೆ ದಾರಿಯಿಲ್ಲ.

ವೈರ್‌ಲೆಸ್ ಮೈಕನ್ನು ಕಾಲರಿಗೆ ಸಿಕ್ಕಿಸಿದೆ. ಅದರಲ್ಲಿ ಸದ್ದು ಕಡಿಮೆ ಮಾಡುವ ಒಂದು ಗುಂಡಿ ಇದೆ. ಒತ್ತಿದರೆ ಲೂಮಿನ ಸದ್ದೇನೋ ಇಳಿಯಿತು, ಜೊತೆಗೆ ಕಾಕಾನ ಧ್ವನಿಯೂ ನೀರಿನೊಳಗಿಂದ ಬಂದಂತಾಯಿತು. ಗುಂಡಿ ಆರಿಸಿದರೆ ಧ್ವನಿ ಚೆನ್ನಾಗಿತ್ತು. ಆದರೆ ಎರಡನೆಯ ದಿನ ಫೋನಿಗೆ ಚುಚ್ಚುವ ತುಂಡು ಸಡಿಲವಾಗಿ, ಫೋನು ನನಗೆ ಹೇಳದೆಯೇ ತನ್ನ ಮೈಕಿಗೆ ಮರಳಿತು. ಇಡೀ ಆರು ನಿಮಿಷ ವ್ಯರ್ಥ. ಈಗ ಶುರುಮಾಡುವ ಮೊದಲು ಹತ್ತು ಸೆಕೆಂಡು ದಾಖಲಿಸಿ, ಕಾಲರಿನ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆಯುತ್ತೇನೆ. ಹಿಂದಿರುಗಿಸಿ ಕೇಳಿದಾಗ ಆ ಕೆರೆತ ಜೋರಾಗಿದ್ದರೆ ಕೆಲಸ ಮಾಡುತ್ತಿರುವುದು ಆ ಮೈಕೇ.

ಮೂರನೆಯ ದಿನ ತಂಗಿಯ ಹಳೆಯ ಫೋನನ್ನು ಒಯ್ದೆ. ಅದರ ತೆರೆ ಒಡೆದಿದೆ, ಮೈಕು ಒಡೆದಿಲ್ಲ. ಏರೋಪ್ಲೇನ್ ಮೋಡ್‌ಗೆ ಹಾಕಿ, ರೆಕಾರ್ಡರ್ ಚಾಲೂ ಮಾಡಿ, ಕಾಕಾನ ಅಂಗಿಯ ಮೇಲಿನ ಜೇಬಿನಲ್ಲಿ ತಲೆಕೆಳಗಾಗಿ ಇಟ್ಟೆ. ಮಾತಿನ ಮೈಕು ಫೋನಿನ ಬುಡದಲ್ಲಿರುವುದರಿಂದ ಬುಡ ಮೇಲೆ ಬರಬೇಕು, ಜೇಬಿನ ಅಂಚಿನಿಂದ ಒಂದಿಷ್ಟು ಹೊರಗೂ ಇರಬೇಕು. ಎರಡೂ ಫೋನು ಓಡುತ್ತಿರುವಾಗ ಒಮ್ಮೆ ಚಪ್ಪಾಳೆ ಹೊಡೆದೆ. ಆಮೇಲೆ ಎಡಿಟಿಂಗ್ ಆ್ಯಪ್‌ನಲ್ಲಿ ಎರಡೂ ಧ್ವನಿಯ ಗೆರೆಗಳಲ್ಲಿ ಆ ಚೂಪಾದ ಮೊನೆಯನ್ನು ಒಂದರ ಕೆಳಗೆ ಒಂದು ತಂದು, ಚಿತ್ರ ತೆಗೆದ ಫೋನಿನ ಧ್ವನಿಯನ್ನು ಮ್ಯೂಟ್ ಮಾಡಿದರೆ ತುಟಿಗೂ ಮಾತಿಗೂ ಹೊಂದಿಕೆಯಾಗುತ್ತದೆ. ಆರು ನಿಮಿಷಕ್ಕೆ ಇದು ಸಾಕು. ಅರ್ಧ ಗಂಟೆ ಓಡಿಸಿದರೆ ಎರಡು ಫೋನುಗಳ ಗಡಿಯಾರ ಸ್ವಲ್ಪ ಸ್ವಲ್ಪವೇ ಬೇರೆಯಾಗಬಹುದು, ಆಗ ನಡುನಡುವೆ ಮತ್ತೆ ಚಪ್ಪಾಳೆ ಬೇಕು.

ದೋಷವಿಲ್ಲದೆ ಇಲ್ಲ. ಕಾಕಾ ಬಾಗಿದಾಗ ಅಂಗಿ ಉಜ್ಜಿದ ಸದ್ದು ಬಂದಿತು. ಹಾಗಾಗಿ ಮಾತಾಡುವಾಗ ಲಾಳಿ ಹೊಡೆಯಬೇಡಿ ಎಂದು ಬೇಡಿಕೊಂಡೆ. ಮಗ್ಗದ ಸದ್ದನ್ನು ಕೊನೆಗೆ ಎರಡು ನಿಮಿಷ ಬೇರೆಯಾಗಿ ದಾಖಲಿಸಿ ಮಾತಿನ ಕೆಳಗೆ ತೆಳ್ಳಗೆ ಹಾಸಿದೆ. ಪ್ರತಿಧ್ವನಿಗೆ, ಕಾಕಾನ ಎದುರಿನ ಬರಿಗೋಡೆಯ ಮೇಲೆ ಎರಡು ಕೌದಿ ನೇತುಹಾಕಿದೆ. ಗುಂಯ್‌ಗುಟ್ಟುವಿಕೆ ಕಿವಿಗೆ ತಿಳಿಯುವಷ್ಟು ಇಳಿಯಿತು.

ಎರಡೂ ಧ್ವನಿಗಳನ್ನು ಕಣ್ಣು ಮುಚ್ಚಿ ಕೇಳಿದರೆ ವೈರ್‌ಲೆಸ್ ಮೈಕಿನದು ಸ್ವಲ್ಪ ತಿಳಿ. ಆದರೂ ನಾನು ಜೇಬಿನ ಫೋನಿನ ಪಕ್ಷ. ಅದು ಸಡಿಲವಾಗುವುದಿಲ್ಲ, ಅದಕ್ಕೆ ದುಡ್ಡೂ ಬೇಡ. ನಡೆದಾಡುತ್ತಾ ಮಾತಾಡುವವರನ್ನು, ಸಂತೆಯನ್ನು ಚಿತ್ರಿಸುವವರು ಕಾಲರ್ ಮೈಕನ್ನೇ ಕೊಳ್ಳಲಿ. ರಿಂಗ್ ಲೈಟಿಗಿಂತ ಮೊದಲು ಕೊಳ್ಳಲಿ.

ಪಕ್ಕದ ಮನೆಯ ಪವರ್‌ಲೂಮಿಗೆ ಮಾತ್ರ ಯಾವ ಮೈಕೂ ಪೂರ್ತಿ ಉತ್ತರ ಕೊಡಲಿಲ್ಲ. ಮೂರನೆಯ ದಿನ ಹನ್ನೊಂದರ ಹೊತ್ತಿಗೆ ಕರೆಂಟ್ ಹೋಯಿತು. ಓಣಿಯ ಲೂಮುಗಳೆಲ್ಲ ಒಮ್ಮೆಲೇ ನಿಂತವು. ಬಾಗಿಲ ಬೆಳಕಿಗೆ ಕರೆಂಟ್ ಬೇಡ, ಫೋನುಗಳಿಗೆ ಚಾರ್ಜ್ ಇತ್ತು. ಕಾಕಾನೇ ನನ್ನ ಮುಖ ನೋಡಿ ಲಾಳಿ ಕೆಳಗಿಟ್ಟು, “ಈಗ ಹೊಡಿ ಚಪ್ಪಾಳೆ” ಎಂದರು.