ಲೈಸೆನ್ಸ್, ಕನ್ಸೆಂಟ್ ಓದಿ ಷರತ್ತು ಪಟ್ಟಿ ಮಾಡುವ ಮೂರು ರೀತಿ: ನಾನು ಮೂರನ್ನೂ ಮಾಡಿ ನೋಡಿದ್ದು

ಪೀಣ್ಯದ ಕಡೆಯ ಒಂದು ಪೌಡರ್ ಕೋಟಿಂಗ್ ಘಟಕದಲ್ಲಿ ಕಾಗದಪತ್ರದ ಜವಾಬ್ದಾರಿ ನನ್ನದು. ಕಬ್ಬಿಣದ ಬಿಡಿಭಾಗಗಳನ್ನು ತೊಳೆದು, ಫಾಸ್ಫೇಟಿಂಗ್ ಮಾಡಿ, ಬಣ್ಣದ ಪುಡಿ ಹಚ್ಚಿ ಓವನ್‌ನಲ್ಲಿ ಬೇಯಿಸುವ ಕೆಲಸ. ಕಾರ್ಖಾನೆ ಇಲಾಖೆಯ ಲೈಸೆನ್ಸ್ ಎರಡೇ ಹಾಳೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ ಮಾತ್ರ ಅನುಬಂಧಗಳೆಲ್ಲ ಸೇರಿ ಹದಿನಾಲ್ಕು ಪುಟ. ಇವುಗಳಲ್ಲಿರುವ ನವೀಕರಣದ ದಿನಾಂಕ, ಮಿತಿ, ವರದಿಗಳ ಪಟ್ಟಿಯನ್ನು ಮೂರು ವರ್ಷಗಳಲ್ಲಿ ಮೂರು ರೀತಿಯಲ್ಲಿ ಮಾಡಿದೆ.

ಮೊದಲನೆಯದು ಹೈಲೈಟರ್ ಮತ್ತು ಗೋಡೆ ಕ್ಯಾಲೆಂಡರ್. ಒಂದೇ ಸಂಜೆಯ ಕೆಲಸ. ದಿನಾಂಕ ಕಂಡಲ್ಲೆಲ್ಲ ಹಳದಿ ಬಳಿದು ಕ್ಯಾಲೆಂಡರ್‌ಗೆ ಏರಿಸಿದೆ. ಶಾಪ್ ಫ್ಲೋರ್‌ನವರಿಗೂ ಅರ್ಥವಾಗುತ್ತದೆ ಎಂಬುದು ಇದರ ದೊಡ್ಡ ಗುಣ, ಈಗಲೂ ಆ ಕ್ಯಾಲೆಂಡರ್ ತೆಗೆದಿಲ್ಲ. ಆದರೆ ನಾನು ಬರೆದದ್ದು "30 ಸೆಪ್ಟೆಂಬರ್ 2026, ಕನ್ಸೆಂಟ್ ಮುಗಿಯುತ್ತದೆ" ಎಂದು. ಅದೇ ಆದೇಶದ ಕೊನೆಯ ಪುಟದಲ್ಲಿ, ಅವಧಿ ಮುಗಿಯುವ 120 ದಿನ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು ಎಂಬ ಷರತ್ತಿತ್ತು. ಅದರಲ್ಲಿ ದಿನಾಂಕವಿಲ್ಲ, ದಿನಗಳ ಸಂಖ್ಯೆ ಮಾತ್ರ ಇದೆ. ಹಾಗಾಗಿ ಹೈಲೈಟರ್ ಅದನ್ನು ದಾಟಿಹೋಗಿತ್ತು. ಸ್ಪ್ರೆಡ್‌ಶೀಟ್‌ನಲ್ಲಿ ಹಿಂದಕ್ಕೆ ಎಣಿಸಿದೆ:

```
=DATE(2026,9,30)-120
```

ಉತ್ತರ 2 ಜೂನ್ 2026. ಕ್ಯಾಲೆಂಡರ್‌ನಲ್ಲಿ ಇರಬೇಕಾದದ್ದು ಈ ದಿನ. ಅರ್ಜಿಯ ಜೊತೆ ನೀರು ಮತ್ತು ಹೊಗೆ ಪರೀಕ್ಷೆಯ ಇತ್ತೀಚಿನ ವರದಿ ಬೇಕು, ಹಳೆಯ ಷರತ್ತುಗಳನ್ನು ಪಾಲಿಸಿದ ವಿವರ ಬೇಕು. ಪ್ರಯೋಗಾಲಯದವರು ಬಂದು ಮಾದರಿ ತೆಗೆದು ವರದಿ ಕೊಡುವಷ್ಟರಲ್ಲಿ ಎರಡು ಮೂರು ವಾರ ಕಳೆದಿರುತ್ತದೆ. ಅಂದರೆ ಕೆಲಸ ಶುರುವಾಗಬೇಕಾದದ್ದು ಮೇ ಮೊದಲ ವಾರದಲ್ಲಿ. ಅಪಾಯಕಾರಿ ತ್ಯಾಜ್ಯದ ಅನುಮತಿ ನಮ್ಮಲ್ಲಿ ಬೇರೆ ಆದೇಶ, ಅದರ ಅವಧಿಯೂ ಬೇರೆ. ಕನ್ಸೆಂಟ್ ಜೊತೆಗೇ ಮುಗಿಯುತ್ತದೆ ಅಂದುಕೊಂಡರೆ ಕೆಟ್ಟೆವು.

ಎರಡನೇ ವರ್ಷ ಒಬ್ಬ ಸಲಹೆಗಾರರ ಸಿದ್ಧ ಚೆಕ್‌ಲಿಸ್ಟ್ ತಂದೆ. ನನ್ನ ಮೊದಲ ಪಟ್ಟಿಯಲ್ಲಿ ಇಲ್ಲದ್ದು ಅದರಲ್ಲಿತ್ತು. ನಮ್ಮ ಆದೇಶಗಳು "ನಿಯಮಾನುಸಾರ ವಾರ್ಷಿಕ ವಿವರ ಸಲ್ಲಿಸತಕ್ಕದ್ದು" ಎಂದಷ್ಟೇ ಹೇಳುತ್ತವೆ. ಯಾವ ದಿನ ಎನ್ನುವುದು ನಿಯಮದ ಒಳಗಿರುತ್ತದೆ. ಅಪಾಯಕಾರಿ ತ್ಯಾಜ್ಯದ ಫಾರ್ಮ್-4 ಜೂನ್ 30ರೊಳಗೆ, ಪರಿಸರ ವಿವರಣಾ ಪತ್ರವಾದ ಫಾರ್ಮ್-5 ಸೆಪ್ಟೆಂಬರ್ 30ರೊಳಗೆ, ಎರಡೂ ಮಾರ್ಚ್‌ಗೆ ಮುಗಿದ ಆರ್ಥಿಕ ವರ್ಷಕ್ಕೆ. ಈ ಎರಡು ಸಾಲಿಗಾಗಿಯೇ ಚೆಕ್‌ಲಿಸ್ಟ್‌ಗೆ ಕೊಟ್ಟ ದುಡ್ಡು ದಂಡವಾಗಲಿಲ್ಲ ಅನ್ನುತ್ತೇನೆ.

ಮಿತಿಗಳ ವಿಷಯದಲ್ಲಿ ಅದು ದಾರಿ ತಪ್ಪಿಸಿತು. ಸಂಸ್ಕರಿಸಿದ ನೀರಿಗೆ, ಕೊಳೆಯ ಪ್ರಮಾಣ ಹೇಳುವ ಅಳತೆಗಳಾದ ಬಿಓಡಿ 30, ಸಿಓಡಿ 250, ತೇಲುಕಣ 100 ಎಂದು ಅದರಲ್ಲಿ ಅಚ್ಚಾಗಿತ್ತು, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಇವು ಹಳ್ಳ, ಹೊಳೆಗೆ ಬಿಡುವ ನೀರಿನ ಸಾಮಾನ್ಯ ಮಾನಕ. ನಮ್ಮ ನೀರು ಟ್ಯಾಂಕರ್‌ನಲ್ಲಿ ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ಹೋಗುತ್ತದೆ. ಅದಕ್ಕೆ ನಮ್ಮ ಆದೇಶದ ಅನುಬಂಧದಲ್ಲಿ ಬೇರೆಯೇ ಕೋಷ್ಟಕವಿದೆ. ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳದ ಪಟ್ಟಿ ಮಿತಿಯನ್ನು ಸರಿಯಾಗಿ ಹೇಳಲಾರದು.

ಮೂರನೆಯದು ನಾನೇ ಮಾಡಿದ ರಿಜಿಸ್ಟರ್. ಎರಡು ದಿನ ಪೂರ್ತಿ ಹಿಡಿಯಿತು. ಒಂದು ಷರತ್ತಿಗೆ ಒಂದು ಸಾಲು ಅಲ್ಲ, ಒಂದು ಕರ್ತವ್ಯಕ್ಕೆ ಒಂದು ಸಾಲು. "ಜನರೇಟರ್‌ಗೆ ಶಬ್ದ ತಡೆಯುವ ಕವಚವಿರಬೇಕು, ಚಿಮಣಿ ನಿಗದಿತ ಎತ್ತರವಿರಬೇಕು, ಪರೀಕ್ಷಾ ವರದಿ ಕಳುಹಿಸಬೇಕು" ಎಂಬ ಒಂದೇ ವಾಕ್ಯ ಮೂರು ಸಾಲಾಗುತ್ತದೆ, ಏಕೆಂದರೆ ಮೂರನ್ನೂ ನೋಡಿಕೊಳ್ಳುವವರು ಬೇರೆ ಬೇರೆ. ಪ್ರತಿ ಸಾಲಿನಲ್ಲಿ ಪುಟ ಮತ್ತು ಷರತ್ತಿನ ಸಂಖ್ಯೆ, ಆದೇಶದ ಮೂಲ ಮಾತು, ಮಿತಿ, ಯಾವುದರಿಂದ ಅಳೆಯುತ್ತೇವೆ, ಯಾವಾಗ, ಯಾರು, ಸಾಕ್ಷಿ ಕಾಗದ ಎಲ್ಲಿದೆ, ಇಷ್ಟು ಕಾಲಂ.

ಇದರ ನಿಜವಾದ ಲಾಭ "ಯಾವುದರಿಂದ ಅಳೆಯುತ್ತೇವೆ" ಎಂಬ ಕಾಲಂನಿಂದ ಬಂತು. ಕನ್ಸೆಂಟ್‌ನಲ್ಲಿ ಕೈಗಾರಿಕಾ ತ್ಯಾಜ್ಯನೀರಿಗೆ ದಿನಕ್ಕೆ 4 ಕಿಲೋಲೀಟರ್ ಮಿತಿ. ಹಿಂದಿನೆರಡು ಪಟ್ಟಿಯಲ್ಲೂ ಅದರ ಮುಂದೆ ಸರಿ ಎಂದು ಗುರುತು ಹಾಕಿದ್ದೆ: ತಿಂಗಳಿಗೆ 90 ಕಿಲೋಲೀಟರ್, 26 ಕೆಲಸದ ದಿನಕ್ಕೆ ಭಾಗಿಸಿದರೆ ಸುಮಾರು ಮೂರೂವರೆ. ಈ ಸಲ ಮೀಟರ್ ಪುಸ್ತಕ ತೆಗೆದು ದಿನದ ಅಂಕಿ ನೋಡಿದೆ. ತೊಳೆಯುವ ಟ್ಯಾಂಕ್‌ಗಳನ್ನು ಖಾಲಿ ಮಾಡುವ ಶನಿವಾರಗಳಂದು 5.2! ಆದೇಶ ಹೇಳುವುದು ದಿನದ ಗರಿಷ್ಠವನ್ನು, ತಿಂಗಳ ಸರಾಸರಿಯನ್ನಲ್ಲ. ಎಲ್ಲ ಟ್ಯಾಂಕನ್ನೂ ಒಂದೇ ದಿನ ಖಾಲಿ ಮಾಡುವುದನ್ನು ಬಿಟ್ಟು ಬುಧವಾರ, ಶನಿವಾರಕ್ಕೆ ಹಂಚಿದೆವು. ಅಷ್ಟರಿಂದಲೇ ಅಂಕಿ ನಾಲ್ಕರ ಕೆಳಗೆ ಬಂತು.

ಲೈಸೆನ್ಸ್‌ನಲ್ಲೂ ಹೀಗೆಯೇ. ಎರಡು ಹಾಳೆ ತಾನೆ ಎಂದು ನಾವು ಓದುವುದು ಅವಧಿ ಮುಗಿಯುವ ದಿನಾಂಕವನ್ನು ಮಾತ್ರ. ಅದರಲ್ಲಿ ಎರಡು ಮಿತಿಗಳಿವೆ: ನಮ್ಮದರಲ್ಲಿ ಗರಿಷ್ಠ 75 ಕೆಲಸಗಾರರು, 150 ಹೆಚ್.ಪಿ. ಹಾಜರಿ ಪುಸ್ತಕದಲ್ಲಿ 62 ಜನ. ಆದರೆ ಗುತ್ತಿಗೆದಾರರ ಮೂಲಕ ಬರುವವರೂ ಲೈಸೆನ್ಸ್‌ನ ಲೆಕ್ಕದಲ್ಲಿ ಕೆಲಸಗಾರರೇ. ಅವರು 18 ಮಂದಿ, ಒಟ್ಟು 80. ಹಿಂದಿನ ವರ್ಷ ಕೂರಿಸಿದ 20 ಹೆಚ್.ಪಿ. ಕಂಪ್ರೆಸರ್‌ನಿಂದ ಮೋಟಾರುಗಳ ಮೊತ್ತ 165 ಆಗಿತ್ತು. ಯಾವ ಕ್ಯಾಲೆಂಡರೂ ಇದನ್ನು ಹೇಳುವುದಿಲ್ಲ, ಏಕೆಂದರೆ ಇದಕ್ಕೆ ದಿನಾಂಕವೇ ಇಲ್ಲ. ಲೈಸೆನ್ಸ್ ತಿದ್ದುಪಡಿಗೆ ಅರ್ಜಿ ಹಾಕಿದೆವು. ಈಗ ಹೊಸ ಯಂತ್ರದ ಪರ್ಚೇಸ್ ಆರ್ಡರ್‌ಗೆ ಸಹಿ ಬೀಳುವ ಮೊದಲು ಆ ಎರಡು ಸಾಲು ನೋಡಬೇಕು ಎಂದು ಅಕೌಂಟ್ಸ್‌ನವರಿಗೆ ಹೇಳಿಟ್ಟಿದ್ದೇನೆ.

ಜನರೇಟರ್ ಚಿಮಣಿಯ ಸಾಲೂ ಲೆಕ್ಕ ಕೇಳುತ್ತದೆ. ಕಟ್ಟಡದ ಎತ್ತರಕ್ಕೆ `0.2 × √kVA` ಮೀಟರ್ ಸೇರಿಸಬೇಕು. ನಮ್ಮದು 225 ಕೆವಿಎ, ವರ್ಗಮೂಲ 15, ಅಂದರೆ 3 ಮೀಟರ್. ಶೆಡ್ 6 ಮೀಟರ್ ಇದೆ, ಆದ್ದರಿಂದ ಚಿಮಣಿ ನೆಲದಿಂದ 9 ಮೀಟರ್ ಇರಬೇಕು. ಟೇಪ್ ಹಿಡಿದು ಅಳೆದೆವು, ಸರಿಯಿತ್ತು.

ತ್ಯಾಜ್ಯನೀರು ಸಂಸ್ಕರಿಸಿದಾಗ ಉಳಿಯುವ ಕೆಸರು, ಅಂದರೆ ಸ್ಲಡ್ಜ್‌ನದು ಇನ್ನೊಂದು ಬಗೆಯ ಗಡಿಯಾರ. ಅಪಾಯಕಾರಿ ತ್ಯಾಜ್ಯವನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಆ ಎಣಿಕೆ ಕ್ಯಾಲೆಂಡರ್‌ನ ಯಾವುದೋ ತಾರೀಖಿನಿಂದ ಶುರುವಾಗುವುದಿಲ್ಲ, ಚೀಲಕ್ಕೆ ತುಂಬಿದ ದಿನದಿಂದ ಶುರುವಾಗುತ್ತದೆ. ಹಾಗಾಗಿ ರಿಜಿಸ್ಟರ್‌ನಲ್ಲಿ "ಯಾವಾಗ" ಎಂಬಲ್ಲಿ ದಿನಾಂಕ ಬರೆಯದೆ "ಮೊದಲ ಚೀಲದಿಂದ 75ನೇ ದಿನ ಲಾರಿ ಕರೆಯುವುದು" ಎಂದು ಬರೆದೆ. ಚೀಲದ ಮೇಲೆ ಮಾರ್ಕರ್‌ನಲ್ಲಿ ತಾರೀಖು ಹಾಕುವುದು ನಮ್ಮ ತ್ಯಾಜ್ಯನೀರು ಸಂಸ್ಕರಣಾ ಘಟಕದ ಆಪರೇಟರ್ ಕೆಲಸ. ಲಾರಿ ಹೋದಾಗ ಅದರ ಜೊತೆ ಹೋಗುವ ಸಾಗಣೆ ಪತ್ರವಾದ ಮ್ಯಾನಿಫೆಸ್ಟ್‌ನ ತೂಕವನ್ನೂ ಇದೇ ಸಾಲಿಗೆ ಏರಿಸುತ್ತೇವೆ. ಫಾರ್ಮ್-4 ತುಂಬುವಾಗ ಅದೇ ಮೊತ್ತ ಬರಬೇಕು. ಬರದಿದ್ದರೆ ಎಲ್ಲೋ ಒಂದು ಲೋಡ್ ಬಿಟ್ಟುಹೋಗಿದೆ ಎಂದರ್ಥ.

ಯಾವುದನ್ನು ಆರಿಸಲಿ ಎಂದು ಕೇಳುವವರಿಗೆ: ರಿಜಿಸ್ಟರ್ ಮಾಡಿ, ಅದು ಮುಗಿದ ಮೇಲೆ ಚೆಕ್‌ಲಿಸ್ಟ್ ಪಕ್ಕಕ್ಕಿಟ್ಟು ಬಿಟ್ಟುಹೋದದ್ದನ್ನು ಸೇರಿಸಿ. ಮೊದಲೇ ಚೆಕ್‌ಲಿಸ್ಟ್ ತೆರೆದರೆ ಕಣ್ಣು ಅದರಲ್ಲಿರುವುದನ್ನೇ ಹುಡುಕುತ್ತದೆ, ಆದೇಶದಲ್ಲಿ ಇರುವುದನ್ನಲ್ಲ. ಐದಾರು ಜನರ, ತ್ಯಾಜ್ಯನೀರೇ ಇಲ್ಲದ ಸಣ್ಣ ಶೆಡ್ಡಿಗೆ ಎರಡು ದಿನದ ಈ ಶ್ರಮ ಬೇಡ. ಅಲ್ಲಿ ಹಿಂದಕ್ಕೆ ಎಣಿಸಿ ಬರೆದ ಕ್ಯಾಲೆಂಡರ್ ಸಾಕು. ನವೀಕರಣವಾಗಿ ಹೊಸ ಆದೇಶ ಕೈಗೆ ಬಂದಾಗ ಮಾತ್ರ ಹಳೆಯ ಪಟ್ಟಿಯ ದಿನಾಂಕ ತಿದ್ದಿ ಸುಮ್ಮನಾಗಬೇಡಿ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಷರತ್ತು ಷರತ್ತಾಗಿ ಓದಿ. ನಮಗೆ ಹಿಂದಿನ ನವೀಕರಣದಲ್ಲಿ ಆರು ತಿಂಗಳಿಗೊಮ್ಮೆ ಇದ್ದ ಹೊಗೆ ಪರೀಕ್ಷೆ ಮೂರು ತಿಂಗಳಿಗೊಮ್ಮೆ ಆಗಿತ್ತು, ಉಳಿದ ಅಷ್ಟೂ ಪುಟ ಅಕ್ಷರಶಃ ಹಳೆಯದೇ ಇತ್ತು.